ಗ್ರಿಲ್ ಅಂಗಡಿಗೆ ಎಕ್ಸೆಲ್‌ನಲ್ಲಿ ಬಿಲ್, ಕೊಟೇಶನ್: ಒಂದೇ ನಂಬರ್ ಇಬ್ಬರಿಗೆ ಹೋಗಿದೆ, ಪುಣೆ ಪಾರ್ಟಿ ಬಿಲ್ ವಾಪಸ್ ಕಳಿಸಿದೆ

ಗ್ರಿಲ್ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರದು ಸಣ್ಣ ಫ್ಯಾಬ್ರಿಕೇಶನ್ ಶಾಪು. ಗೇಟು, ಕಿಟಕಿ ಗ್ರಿಲ್, ಮೆಟ್ಟಿಲ ರೇಲಿಂಗ್ ಮಾಡ್ತೀವಿ. ಮೊದಲು ಬಿಲ್ ಬುಕ್ ಇತ್ತು, ಕಾರ್ಬನ್ ಇಟ್ಟು ಬರೀತಿದ್ವಿ. ಎರಡು ವರ್ಷದಿಂದ ಜಿಎಸ್‌ಟಿ ಇದೆ, ಹಾಗಾಗಿ ನಾನು ಎಕ್ಸೆಲ್‌ನಲ್ಲಿ ಒಂದು ಬಿಲ್ ಮಾಡಿಟ್ಟುಕೊಂಡು, ಹಳೇ ಬಿಲ್ ಓಪನ್ ಮಾಡಿ, ಹೆಸರು ಬದಲಾಯಿಸಿ, ಸೇವ್ ಆ್ಯಸ್ ಮಾಡ್ತಾ ಬಂದಿದ್ದೀನಿ.

ಈ ತಿಂಗಳು ಮೂರು ತೊಂದರೆ ಒಟ್ಟಿಗೇ ಬಂದಿವೆ. ನಾನು ಮನೇಲಿ ಮಾಡಿದ ಬಿಲ್ಲಿಗೂ ಯಜಮಾನರು ಶಾಪಿನಲ್ಲಿ ಮಾಡಿದ ಬಿಲ್ಲಿಗೂ FB/25-26/023 ಅಂತಲೇ ನಂಬರ್ ಬಿದ್ದಿದೆ. ಒಂದು ವಿದ್ಯಾನಗರದ ಮನೆಯವರಿಗೆ, ಇನ್ನೊಂದು ಪುಣೆ ಕಂಪನಿಗೆ ಹೋಗಿದೆ. ಎರಡನೇದು, ನವೆಂಬರ್ ಬಿಲ್ಲನ್ನ ಪ್ರಿಂಟ್ ತೆಗೆಯೋಕೆ ಓಪನ್ ಮಾಡಿದ್ರೆ ಇವತ್ತಿನ ತಾರೀಖು ತೋರಿಸ್ತಿದೆ.

ಮೂರನೇದು ದೊಡ್ಡದು. ಪುಣೆ ಕಂಪನಿಯವರ ಗೋಡೌನ್ ರಾಣೆಬೆನ್ನೂರಿನಲ್ಲಿ ಇದೆ. ಅಲ್ಲಿಗೆ ಹೋಗಿ ಗೇಟು ನಿಲ್ಲಿಸಿ ಗ್ರಿಲ್ ಕೂರಿಸಿ ಬಂದ್ವಿ. ಕೆಲಸ ಇಲ್ಲೇ ಆಗಿದ್ದಕ್ಕೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಹಾಕಿದೆ. ಅವರು "ನಮ್ಮ ನಂಬರ್ 27ರಿಂದ ಶುರುವಾಗುತ್ತೆ, ಐಜಿಎಸ್‌ಟಿ ಹಾಕಿ ಕೊಡಿ, ಇಲ್ಲದಿದ್ರೆ ಪೇಮೆಂಟ್ ಆಗಲ್ಲ" ಅಂತ ಬಿಲ್ ವಾಪಸ್ ಕಳಿಸಿದ್ದಾರೆ. 25,000 ಅಡ್ವಾನ್ಸ್ ಬಂದಿದೆ, ಉಳಿದದ್ದು ನಿಂತಿದೆ.

ಈಗ ಎಲ್ಲಾ ಹೊಸದಾಗಿ, ಅಚ್ಚುಕಟ್ಟಾಗಿ ಒಂದೇ ಫೈಲಲ್ಲಿ ಮಾಡ್ಬೇಕು ಅಂತಿದ್ದೀನಿ. ಕೊಟೇಶನ್ನೂ ಅದರಲ್ಲೇ ಬರಬೇಕು. ಹೇಗೆ ಮಾಡಲಿ?

ಕರಾವಳಿ ಪಂಪ್ಸ್

ಸಾಫ್ಟ್‌ವೇರ್ ತಗೊಳ್ಳಿ ಮಾರಾಯ್ರೆ, ಯಾಕೆ ಈ ಕಷ್ಟ?

ಗ್ರಿಲ್ ಅಂಗಡಿ, ದಾವಣಗೆರೆ

ತಿಂಗಳಿಗೆ ಹೆಚ್ಚಂದ್ರೆ ಎಂಟು ಬಿಲ್ ಆಗೋದು ಸರ್. ಅಷ್ಟಕ್ಕೆ ಎಕ್ಸೆಲ್ ಸಾಕು ಅಂತ ಆಡಿಟರೇ ಹೇಳಿದ್ದಾರೆ.

ಟೈಲ್ಸ್ ಗೋಪುರ

ಪುಣೆಯವರು ಹೇಳ್ತಿರೋದು ಸರಿ ಮೇಡಂ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಕೋಡು. ನಮ್ಮದು 29, ಮಹಾರಾಷ್ಟ್ರ 27, ಗೋವಾ 30. ಎರಡೂ ಒಂದೇ ಇದ್ರೆ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ, ಬೇರೆ ಇದ್ರೆ ಐಜಿಎಸ್‌ಟಿ. ನನ್ನ ಶೀಟಲ್ಲಿ ಇದನ್ನೇ ಹಾಕಿದ್ದೀನಿ, ನೀವೂ ಹಾಕ್ಕೊಳ್ಳಿ:

```
=IF(LEFT(C5,2)="29","CGST+SGST","IGST")
```

ಕಿರ್ದಿ ಖಾತೆ, ಮೈಸೂರು

ಗೋಪುರ ಅವರೇ, ನಿಮ್ಮ ಫಾರ್ಮುಲಾ ಟೈಲ್ಸ್ ಅಂಗಡಿಗೆ ಹೆಚ್ಚಿನ ಸಲ ಸರಿಯಾಗೇ ಬರುತ್ತೆ. ಇವರ ವಿಷಯದಲ್ಲಿ ತಪ್ಪಾಗುತ್ತೆ. ತೆರಿಗೆ ಯಾವುದು ಅಂತ ನಿರ್ಧರಿಸೋದು ಗಿರಾಕಿಯ ನಂಬರ್ ಅಲ್ಲ, ಪ್ಲೇಸ್ ಆಫ್ ಸಪ್ಲೈ. ಮಾಲನ್ನ ಸೈಟಿಗೇ ಒಯ್ದು ಅಲ್ಲೇ ಜೋಡಿಸಿ ನಿಲ್ಲಿಸಿಕೊಟ್ಟರೆ, ಜೋಡಿಸಿದ ಜಾಗವೇ ಪ್ಲೇಸ್ ಆಫ್ ಸಪ್ಲೈ. ಒಂದು ವೇಳೆ ಇದನ್ನ ಕಟ್ಟಡದ ಕೆಲಸ ಅಂತ, ಅಂದ್ರೆ ವರ್ಕ್ಸ್ ಕಾಂಟ್ರ್ಯಾಕ್ಟ್ ಅಂತ ನೋಡಿದ್ರೂ ಕಟ್ಟಡ ಎಲ್ಲಿದೆಯೋ ಅಲ್ಲಿನ ರಾಜ್ಯವೇ ಬರುತ್ತೆ. ಯಾವ ಕಡೆಯಿಂದ ಬಂದ್ರೂ ರಾಣೆಬೆನ್ನೂರು, ಅಂದ್ರೆ ಕರ್ನಾಟಕ. ದಾವಣಗೆರೆ ಮೇಡಂ ಹಾಕಿದ್ದು ಸರಿ ಇದೆ.

ಪಾರ್ಟಿ ಒತ್ತಾಯ ಮಾಡಿದ್ರು ಅಂತ ಐಜಿಎಸ್‌ಟಿ ಹಾಕಿ ಕಟ್ಟಿಬಿಟ್ಟರೆ, ನಾಳೆ ಇಲಾಖೆ ಕೇಳಿದಾಗ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಮತ್ತೆ ಕೈಯಿಂದ ಕಟ್ಟಬೇಕು. ತಪ್ಪು ಖಾತೆಗೆ ಹೋದ ದುಡ್ಡಿಗೆ ರೀಫಂಡ್ ಅರ್ಜಿ ಹಾಕಿ ಕಾಯಬೇಕು. ಎಂಟೊಂಬತ್ತು ಸಾವಿರಕ್ಕೆ ಆ ಅಲೆದಾಟ ಬೇಡ.

ಅವರು ಯಾಕೆ ಐಜಿಎಸ್‌ಟಿ ಕೇಳ್ತಾರೆ ಅಂದ್ರೆ, ಕರ್ನಾಟಕದ ತೆರಿಗೆಯನ್ನ ಮಹಾರಾಷ್ಟ್ರದ ನಂಬರಿನಲ್ಲಿ ಕ್ರೆಡಿಟ್ ತಗೊಳ್ಳೋಕೆ ಆಗಲ್ಲ. ಅವರಿಗೆ ಇಲ್ಲಿ ಗೋಡೌನ್ ಇದೆ ಅಂದ್ಮೇಲೆ 29ರ ನಂಬರ್ ಇರಲೇಬೇಕಲ್ವಾ? ಅದನ್ನ ಕೇಳಿ ನೋಡಿ.

ಟೈಲ್ಸ್ ಗೋಪುರ

ಆದ್ರೆ ನಾನು ಹೊಸೂರು ಪಾರ್ಟಿಗೆ ಐದು ವರ್ಷದಿಂದ ಹೀಗೇ ಐಜಿಎಸ್‌ಟಿ ಹಾಕ್ತಿದ್ದೀನಿ, ಯಾರೂ ಕೇಳಿಲ್ಲ.

ಕಿರ್ದಿ ಖಾತೆ, ಮೈಸೂರು

ನೀವು ಮಾಲನ್ನ ಹೊಸೂರಿಗೆ ಲಾರಿಯಲ್ಲಿ ಕಳಿಸ್ತೀರಿ. ಮಾಲು ಕೊನೆಗೆ ಸೇರೋ ಜಾಗ ತಮಿಳುನಾಡು, ಹಾಗಾಗಿ ಐಜಿಎಸ್‌ಟಿ ಸರಿ. ನಂಬರಿನ ಮೊದಲ ಎರಡು ಅಂಕಿಯೂ ಅದೇ ರಾಜ್ಯದ್ದಾಗಿರೋದು ಕಾಕತಾಳೀಯ. ಶೀಟಲ್ಲಿ ಪ್ಲೇಸ್ ಆಫ್ ಸಪ್ಲೈಗೆ ಬೇರೆ ಕಾಲಮ್ ಇಡಿ, ಪ್ರತಿ ಬಿಲ್ಲಿಗೂ ಕೈಯಿಂದ ತುಂಬಿಸಿ. ಬಿಲ್ಲಿನಲ್ಲೂ ಅದು ಕಾಣಬೇಕು.

ಹುಬ್ಬಳ್ಳಿ ಪ್ರೆಸ್

ಅಕ್ಕಾರ, ನಂಬರ್ ಬಗ್ಗೆ ನಂದೊಂದು ಮಾತು ಕೇಳ್ರಿ. ನಿಮ್ಮ FB/25-26/023 ಚಲೋ ಐತಿ, ಹನ್ನೆರಡೇ ಅಕ್ಷರ. ನಾವು ಮೊದಲ ವರ್ಷ ಅಂಗಡಿ ಹೆಸರು, ಊರ ಹೆಸರು, ಪೂರ್ತಿ ಇಸವಿ ಎಲ್ಲಾ ಸೇರಿಸಿ SLP/HUBLI/2022-23/0001 ಅಂತ ಮಾಡಿದ್ವಿ. ಬಿಲ್ ಬುಕ್ಕೂ ಅಚ್ಚಾಗಿ ಬಂತು. ಜಿಎಸ್‌ಟಿಆರ್-1 ತುಂಬೂ ಹೊತ್ತಿಗೆ ಪೋರ್ಟಲ್ ತಗೊಳ್ಳಲೇ ಇಲ್ಲ. ಆಮ್ಯಾಲೆ ಗೊತ್ತಾತು, ನಂಬರ್ 16 ಅಕ್ಷರ ದಾಟಂಗಿಲ್ಲ ಅಂತ. ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಇಷ್ಟಕ್ಕೇ ಅವಕಾಶ. ನಮ್ಮದು ಇಪ್ಪತ್ತೆರಡು ಆಗಿತ್ತು. ಪಾರ್ಟಿಗಳಿಗೆ ಕೊಟ್ಟ ಬಿಲ್ ಎಲ್ಲಾ ಬದಲಿ ಕೊಟ್ಟು ಬರೂದ್ರಾಗ ಒಂದು ವಾರ ಹೋತು.

ಹೊಸ ನಂಬರ್ ಮಾಡೂ ಮುಂದ ಒಂದು ಖಾಲಿ ಸೆಲ್ಲಿನ್ಯಾಗ =LEN(A2) ಹಾಕಿ ನೋಡ್ರಿ. ಅಷ್ಟ ಸಾಕು.

ಫ್ಲೆಕ್ಸ್ ಮಂಡ್ಯ

ನಂದು ಫ್ಲೆಕ್ಸ್ ಅಂಗಡಿ, ವರ್ಷಕ್ಕೆ 11 ಲಕ್ಷ ವ್ಯಾಪಾರ, ಜಿಎಸ್‌ಟಿ ಮಾಡ್ಸಿಲ್ಲ. ನಾನೂ ಈ ಫಾರ್ಮೆಟ್ಟಲ್ಲಿ 18% ಹಾಕಿ ಬಿಲ್ ಕೊಡ್ಬೋದಾ? ದೊಡ್ಡ ಪಾರ್ಟಿಗಳು ಟ್ಯಾಕ್ಸ್ ಬಿಲ್ಲೇ ಕೇಳ್ತಾರೆ.

ಕಿರ್ದಿ ಖಾತೆ, ಮೈಸೂರು

ಬೇಡ. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ತೆರಿಗೆ ಸಾಲು ಇಲ್ಲದ ಸಾದಾ ಬಿಲ್ ಕೊಡಿ. ದೊಡ್ಡ ಪಾರ್ಟಿ ಬೇಕೇ ಬೇಕು ಅನ್ನೋದಾದ್ರೆ ಸ್ವಇಚ್ಛೆಯಿಂದ ನೋಂದಣಿ ಮಾಡಿಸ್ಕೊಳ್ಳಿ, ಆಮೇಲೆ ಹಾಕಿ.

ಬೇಕರಿ ಬಸವನಗುಡಿ

2025ರ ಜುಲೈನಲ್ಲಿ ಯುಪಿಐ ನೋಟೀಸ್ ಬಂದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಕ್ಯೂಆರ್ ಬೋರ್ಡ್ ತೆಗೆದಿಟ್ಟಿದ್ರು. ಕೆಲವರಿಗೆ ಬರೀ ಹಾಲು, ಹಣ್ಣು ಮಾರಿದ್ದಕ್ಕೂ ಲೆಕ್ಕ ಹೇಳಬೇಕಾಯ್ತು. ಬಿಲ್ಲಿನ ಪಟ್ಟಿ ಇದ್ದವರಿಗೆ ಯಾವ ದುಡ್ಡು ಯಾವುದಕ್ಕೆ ಬಂದಿದ್ದು ಅಂತ ತೋರಿಸೋಕೆ ಆಯ್ತು. ಮಂಡ್ಯ ಅಣ್ಣ, ಸಾದಾ ಬಿಲ್ ಆದ್ರೂ ನಂಬರ್ ಹಾಕಿ ಬರೆದಿಡಿ.

ಗ್ರಿಲ್ ಅಂಗಡಿ, ದಾವಣಗೆರೆ

ಮೈಸೂರು ಸರ್, ಫೈಲ್ ಹೇಗೆ ಕಟ್ಟಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ನಮ್ಮದು ಎಕ್ಸೆಲ್ 2013. ಇಂಟರ್ನೆಟ್ಟಲ್ಲಿ ಹೇಳೋ FILTER, XLOOKUP ಯಾವುದೂ ಇದರಲ್ಲಿ ಇಲ್ಲ.

ಕಿರ್ದಿ ಖಾತೆ, ಮೈಸೂರು

ಮೇಡಂ, ನಾನು ಸರ್ ಅಲ್ಲ, ನಿಮ್ಮ ಹಾಗೇ ಹೆಂಗಸು. ಇಪ್ಪತ್ತು ವರ್ಷದಿಂದ ಸಣ್ಣ ಅಂಗಡಿಗಳ ಲೆಕ್ಕ ಬರೀತಿದ್ದೀನಿ.

ಸೇವ್ ಆ್ಯಸ್ ಅನ್ನೋದೇ ನಿಮ್ಮ ತೊಂದರೆಯ ಬೇರು. ಬಿಲ್ಲನ್ನ ಒಂದು ಕಾಗದ ಅಂತ ನೋಡಿ ಒಂದೊಂದಕ್ಕೂ ಒಂದೊಂದು ಫೈಲ್ ಮಾಡಿದ್ರೆ, ಇಲ್ಲಿಯವರೆಗೆ ಯಾವ ನಂಬರ್ ಆಗಿದೆ ಅಂತ ಹೇಳೋ ಜಾಗವೇ ಇರಲ್ಲ. ಹಳೇ ಕಿರ್ದಿ ಪುಸ್ತಕದ ಹಾಗೆ ಮಾಡಿ. ಬಿಲ್‌ಗಳ ಪಟ್ಟಿಯೇ ಅಸಲು, ಬಿಲ್ಲಿನ ಕಾಗದ ಅದನ್ನ ತೋರಿಸೋ ಕಿಟಕಿ ಅಷ್ಟೇ.

ಒಂದು ಹಣಕಾಸು ವರ್ಷಕ್ಕೆ ಒಂದು ಫೈಲ್. ಅದರಲ್ಲಿ ನಾಲ್ಕು ಶೀಟು. Party ಶೀಟಲ್ಲಿ ಗಿರಾಕಿಗಳ ಹೆಸರು, ವಿಳಾಸ, ಜಿಎಸ್‌ಟಿ ನಂಬರ್. Bills ಶೀಟಲ್ಲಿ ಬಿಲ್ಲಿಗೆ ಒಂದೇ ಸಾಲು: ನಂಬರ್, ತಾರೀಖು, ಕ್ರಮಸಂಖ್ಯೆ, ಪಾರ್ಟಿ, ಪ್ಲೇಸ್ ಆಫ್ ಸಪ್ಲೈ, ಕೊಟೇಶನ್ ನಂಬರ್, ಅಡ್ವಾನ್ಸ್, ಸ್ಥಿತಿ. Items ಶೀಟಲ್ಲಿ ಪ್ರತಿ ಐಟಂಗೆ ಒಂದು ಸಾಲು. ಕೊನೇದು Print. ಅದರಲ್ಲಿ ನೀವು ಟೈಪ್ ಮಾಡೋದು ಬಿಲ್ ನಂಬರ್ ಒಂದನ್ನೇ, ಉಳಿದದ್ದೆಲ್ಲ ತಾನಾಗೇ ಬರಬೇಕು.

Bills ಶೀಟಲ್ಲಿ ತಾರೀಖು B, ಕ್ರಮಸಂಖ್ಯೆ C ಅಂತ ಇಟ್ಕೊಳ್ಳಿ. ಎರಡನ್ನೂ ಕೈಯಿಂದ ಹಾಕಿ. A ಕಾಲಮಿನಲ್ಲಿ:

```
="FB/"&TEXT(EDATE(B2,-3),"yy")&"-"&TEXT(EDATE(B2,9),"yy")&"/"&TEXT(C2,"000")
```

ತಾರೀಖನ್ನ ಮೂರು ತಿಂಗಳು ಹಿಂದಕ್ಕೆ ತಳ್ಳಿದ್ರೆ ಏಪ್ರಿಲ್ ಜನವರಿ ಆಗುತ್ತೆ, ಮಾರ್ಚ್ ಹಿಂದಿನ ಡಿಸೆಂಬರ್ ಆಗುತ್ತೆ. ಹಣಕಾಸು ವರ್ಷ ತಾನಾಗೇ ಸರಿ ಬರುತ್ತೆ, 31 ಮಾರ್ಚ್ 2026ಕ್ಕೆ 25-26, ಮರುದಿನಕ್ಕೆ 26-27. ಏಪ್ರಿಲ್ ಒಂದಕ್ಕೆ ಹೊಸ ಫೈಲ್ ತೆಗೆದು ಕ್ರಮಸಂಖ್ಯೆ 1ರಿಂದ ಶುರು ಮಾಡಿ.

ನಂಬರ್ ಎರಡು ಸಲ ಬಂದ್ರೆ ಕಾಣಬೇಕು. ಡೇಟಾ ವ್ಯಾಲಿಡೇಶನ್ ಹಾಕಿದ್ರೆ ಸಾಲದು, ಫಾರ್ಮುಲಾದಿಂದ ಬಂದ ನಂಬರನ್ನ ಅದು ತಡೆಯಲ್ಲ. ಕಂಡೀಶನಲ್ ಫಾರ್ಮ್ಯಾಟಿಂಗ್‌ನಲ್ಲಿ =COUNTIF($A:$A,$A2)>1 ಹಾಕಿ ಕೆಂಪು ಕೊಡಿ. ಮಧ್ಯೆ ನಂಬರ್ ಬಿಟ್ಟುಹೋಗಿದೆಯಾ ಅಂತ ನೋಡೋಕೆ ಮೇಲೊಂದು ಸೆಲ್ಲಲ್ಲಿ =MAX(C:C)-SUMPRODUCT(SIGN(FREQUENCY(C2:C500,C2:C500))). ಅದು ಯಾವಾಗಲೂ ಸೊನ್ನೆ ಇರಬೇಕು.

ಐಟಂಗಳ ಭಾಗಕ್ಕೆ FILTER ಇಲ್ಲದೇ ಇದ್ರೂ ನಡೆಯುತ್ತೆ. Items ಶೀಟಲ್ಲಿ B ಬಿಲ್ ನಂಬರ್, D ಐಟಂ ವಿವರ ಅಂತಿರಲಿ. A ಕಾಲಮಿನಲ್ಲಿ ಮೊದಲ ಫಾರ್ಮುಲಾ ಹಾಕಿ ಕೆಳಗೆ ಎಳೀರಿ. Print ಶೀಟಲ್ಲಿ ಬಿಲ್ ನಂಬರ್ H2 ಸೆಲ್ಲಲ್ಲಿದ್ರೆ, ವಿವರದ ಮೊದಲ ಸಾಲಿಗೆ ಎರಡನೇದು:

```
=B2&"-"&COUNTIF(B$2:B2,B2)
=IFERROR(INDEX(Items!D:D,MATCH($H$2&"-"&ROW(A1),Items!A:A,0)),"")
```

ಒಂದು ಬಿಲ್ಲಿಗೆ ಮೂರು ಐಟಂ ಇದ್ರೆ FB/25-26/023-1, -2, -3 ಅಂತ ಕೀಲಿ ಆಗುತ್ತೆ, Print ಶೀಟು ಅದನ್ನ ಹುಡುಕಿ ತರುತ್ತೆ. ಹತ್ತು ಸಾಲಿಗೆ ಎಳೆದಿಟ್ರೆ ಇಲ್ಲದ ಸಾಲುಗಳು ಖಾಲಿ ಕಾಣ್ತವೆ.

ತಾರೀಖು ಬದಲಾಗ್ತಿರೋದು =TODAY() ಹಾಕಿದ್ದಕ್ಕೆ. ತೆಗೆದುಬಿಡಿ. ಸೆಲ್ಲಲ್ಲಿ ನಿಂತು ಕಂಟ್ರೋಲ್ ಒತ್ತಿಹಿಡಿದು ಸೆಮಿಕೋಲನ್ ಒತ್ತಿ, ಅವತ್ತಿನ ತಾರೀಖು ಗಟ್ಟಿಯಾಗಿ ಕೂರುತ್ತೆ.

ಹುಬ್ಬಳ್ಳಿ ಪ್ರೆಸ್

ಅಂದ್ರ ನಮ್ಮ ಮ್ಯಾನೇಜರ್ ಹಳೇ ಬಿಲ್ ತಗದು ಮತ್ತ ಕಳಿಸಿದಾಗೆಲ್ಲಾ ತಾರೀಖು ಬ್ಯಾರೆ ಬರತಿದ್ದದ್ದು ಇದಕ್ಕೇ! ಇವತ್ತ ತಗಸ್ತೀನಿ.

ಸಿಮೆಂಟ್ ಹಾಸನ

ತೆರಿಗೆ ದರಕ್ಕೂ ಇದೇ ಗತಿ ಆಗುತ್ತೆ, ಹುಷಾರು. ನಾನು ದರಗಳನ್ನ ಬೇರೆ ಪಟ್ಟಿಯಲ್ಲಿಟ್ಟು ಬಿಲ್ಲಿಗೆ ಅಲ್ಲಿಂದ ಎಳ್ಕೋತಿದ್ದೆ. 2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟು 28ರಿಂದ 18ಕ್ಕೆ ಇಳೀತು. ಪಟ್ಟಿಯಲ್ಲಿ 18 ಮಾಡಿದೆ. ಅಕ್ಟೋಬರಲ್ಲಿ ಒಬ್ಬರು ಆಗಸ್ಟ್ ಬಿಲ್ಲಿನ ನಕಲು ಕೇಳಿದ್ರು, ತೆಗೆದು ಪ್ರಿಂಟ್ ಕೊಟ್ಟೆ. ಅದರಲ್ಲಿ 18 ಅಂತ ಬಂದಿತ್ತು. "ನೀವು ನಮ್ಮಿಂದ 28 ತಗೊಂಡಿದ್ದೀರಲ್ಲ, ಹತ್ತು ಪರ್ಸೆಂಟ್ ಎಲ್ಲಿ ಹೋಯ್ತು" ಅಂತ ಅಂಗಡಿ ಮುಂದೆ ನಿಂತು ಕೇಳಿದ್ರು. ನನ್ನ ಹತ್ರ ಪಿಡಿಎಫ್ ಇರಲಿಲ್ಲ.

ಕಿರ್ದಿ ಖಾತೆ, ಮೈಸೂರು

ಹೌದು, ದರ Items ಸಾಲಿನಲ್ಲೇ ಅಂಕಿಯಾಗಿ ಇರಬೇಕು. ರೇಟೂ ಹಾಗೇ. ಕೊಟ್ಟ ಬಿಲ್ಲಿನ ಪಿಡಿಎಫ್ ಅವತ್ತೇ ತೆಗೆದಿಡಬೇಕು. ಫೈಲ್ ಹೆಸರಿನಲ್ಲಿ ಓರೆಗೆರೆ ಹಿಡಿಸಲ್ಲ, FB-25-26-023 ಅಂತ ಕೊಡಿ.

ಮರಗೆಲಸ ಸಾಗರ

ಕೊಟೇಶನ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅನುಭವ ಹೇಳ್ತೇನೆ. ಒಂದು ವಾರ್ಡ್‌ರೋಬಿಗೆ 50,000 ಅಂತ ಕೊಟೇಶನ್ ಕೊಟ್ಟಿದ್ದೆ. ಟ್ಯಾಕ್ಸ್ ಸೇರಿಯೋ ಬೇರೆಯೋ ಬರೆದಿರಲಿಲ್ಲ. ಕೆಲಸ ಮುಗಿದ ಮೇಲೆ 59,000 ಬಿಲ್ ಕೊಟ್ಟೆ. ಅವರು 50,000 ಅಂದ್ರೆ 50,000 ಅಂದ್ರು. ಕೊನೆಗೆ 50,000ವನ್ನ 1.18ರಿಂದ ಭಾಗಿಸಿ, ಬೆಲೆ 42,372.88, ತೆರಿಗೆ 7,627.12 ಅಂತ ಬಿಲ್ ಮಾಡಬೇಕಾಯ್ತು. ನನ್ನ ಕೂಲಿಯೇ ಹೋಯ್ತು. ಈಗ ಕೊಟೇಶನ್ನಿನಲ್ಲಿ ತೆರಿಗೆ ಸಾಲನ್ನ ಬೇರೆಯಾಗಿ ತೋರಿಸಿ, ಕೆಳಗೆ ಒಟ್ಟು ಮೊತ್ತ ಬರೀತೇನೆ.

ಕರಾವಳಿ ಪಂಪ್ಸ್

ಕೊಟೇಶನ್ನಿಗೂ ಬಿಲ್ಲಿಗೂ ಒಂದೇ ನಂಬರ್ ಕೊಟ್ರೆ ಸುಲಭ ಅಲ್ವಾ? ಕೊಟೇಶನ್ 40 ಅಂದ್ರೆ ಬಿಲ್ಲೂ 40.

ಕಿರ್ದಿ ಖಾತೆ, ಮೈಸೂರು

ಹತ್ತು ಕೊಟೇಶನ್ ಕೊಟ್ರೆ ಆರ್ಡರ್ ಆಗೋದು ಮೂರು. ಉಳಿದ ಏಳು ನಂಬರ್ ಬಿಲ್ ಸಾಲಿನಲ್ಲಿ ತೂತು ಆಗ್ತವೆ. ಬಿಲ್ ನಂಬರ್ ಸಾಲಾಗಿ ಬರಬೇಕು, ಕೊಟೇಶನ್ನಿಗೆ ಆ ಕಟ್ಟುಪಾಡಿಲ್ಲ. ಅದಕ್ಕೆ Q ಅಂತ ಬೇರೆ ಸರಣಿ ಮಾಡಿ. ಗಿರಾಕಿ ಚೌಕಾಸಿ ಮಾಡಿ ರೇಟ್ ಬದಲಾದ್ರೆ Q-112 ತಿದ್ದಬೇಡಿ, Q-112-R1 ಅಂತ ಹೊಸ ಸಾಲು ಹಾಕಿ. ಯಾವ ರೇಟಿಗೆ ಒಪ್ಪಿಗೆ ಆಗಿದ್ದು ಅನ್ನೋದು ಜಗಳದ ದಿನ ಬೇಕಾಗುತ್ತೆ.

ಕಬ್ಬಿಣದ ರೇಟು ನಿಲ್ಲಲ್ಲ, ಅದಕ್ಕೆ ಗ್ರಿಲ್ ಕೆಲಸದವರು "ಈ ದರ ಇಂಥ ತಾರೀಖಿನವರೆಗೆ" ಅಂತ ತಾರೀಖೇ ಬರೀಬೇಕು. "ಏಳು ದಿನ" ಅಂದ್ರೆ ಯಾವತ್ತಿನಿಂದ ಅಂತ ಮತ್ತೆ ಮಾತು ಬೆಳೆಯುತ್ತೆ.

ಗ್ರಿಲ್ ಅಂಗಡಿ, ದಾವಣಗೆರೆ

ಪುಣೆ ಬಿಲ್ಲಿನ ಲೆಕ್ಕ ಹಾಕ್ತಿದ್ದೀನಿ, ನೋಡಿ ಅಕ್ಕ. ಗೇಟು 186.5 ಕೆಜಿ, ಕೆಜಿಗೆ 128, ಅದು 23,872. ಗ್ರಿಲ್ 96.25 ಚದರಡಿ, 245ರಂತೆ 23,581.25. ಟೆಂಪೋ ಮತ್ತು ಫಿಟ್ಟಿಂಗ್ 2,500. ಎಲ್ಲಾ 49,953.25. ಎರಡು ಅನುಮಾನ. ಅಡ್ವಾನ್ಸ್ 25,000 ಕಳೆದು ಉಳಿದದ್ದಕ್ಕೆ ಟ್ಯಾಕ್ಸ್ ಹಾಕಿದ್ದೀನಿ, ಸರೀನಾ? ಇನ್ನೊಂದು, ತೆರಿಗೆ ಎರಡು ಸಾಲು ಕೂಡಿದ್ರೆ ಒಟ್ಟು ಮೊತ್ತಕ್ಕೆ ಒಂದು ಪೈಸೆ ವ್ಯತ್ಯಾಸ ಬರ್ತಿದೆ.

ಟೈಲ್ಸ್ ಗೋಪುರ

ಟೆಂಪೋ ಬಾಡಿಗೆಗೆ ಟ್ಯಾಕ್ಸ್ ಹಾಕಬೇಡಿ ಮೇಡಂ. ಅದು ನೀವು ಟೆಂಪೋದವನಿಗೆ ಕೊಟ್ಟ ದುಡ್ಡು, ನಿಮ್ಮ ವ್ಯಾಪಾರ ಅಲ್ಲ.

ಕಿರ್ದಿ ಖಾತೆ, ಮೈಸೂರು

ಅದನ್ನ ನಿಮ್ಮ ಬಿಲ್ಲಿನಲ್ಲಿ ಗಿರಾಕಿಯಿಂದ ವಸೂಲಿ ಮಾಡಿದ್ರೆ ಅದೂ ಬೆಲೆಯ ಭಾಗ, ಗೇಟಿನ 18% ಅದಕ್ಕೂ ಬರುತ್ತೆ. ಗಿರಾಕಿಯೇ ಟೆಂಪೋ ಮಾಡ್ಕೊಂಡು ತಗೊಂಡು ಹೋದ್ರೆ ಮಾತು ಬೇರೆ.

ದಾವಣಗೆರೆ ಮೇಡಂ, ಅಡ್ವಾನ್ಸ್ ಕಳೆಯೋದು ತೆರಿಗೆ ಆದ ಮೇಲೆ, ಅದಕ್ಕಿಂತ ಮುಂಚೆ ಅಲ್ಲ. ನೀವು ಮಾಡಿದ ಹಾಗೆ 24,953.25ಕ್ಕೆ ಹಾಕಿದ್ರೆ ತೆರಿಗೆ 4,491.59 ಬರುತ್ತೆ. ಕೊಡಬೇಕಾದದ್ದು 8,991.58. ನಾಲ್ಕೂವರೆ ಸಾವಿರ ಕಮ್ಮಿ ಕಟ್ಟಿದ ಹಾಗೆ, ಮೇಲೆ ಬಡ್ಡಿ. ಅಡ್ವಾನ್ಸು ರಿಯಾಯಿತಿ ಅಲ್ಲ. ರಿಯಾಯಿತಿ ಆದ್ರೆ ಮಾತ್ರ ತೆರಿಗೆಗೆ ಮುಂಚೆ ಕಳೀಬೇಕು.

ಪೈಸೆಯ ಕಥೆ ಹೀಗೆ. 49,953.25ಕ್ಕೆ 9% ಅಂದ್ರೆ 4,495.7925. ಸೆಲ್ಲು ನಿಮಗೆ 4,495.79 ತೋರಿಸುತ್ತೆ, ಒಳಗೆ ಪೂರ್ತಿ ಅಂಕಿ ಇಟ್ಕೊಂಡಿರುತ್ತೆ. ಎರಡು ಸಲ ಕೂಡಿದಾಗ ಒಟ್ಟು 58,944.835 ಆಗಿ 58,944.84 ಕಾಣುತ್ತೆ. ಕಾಗದದ ಮೇಲಿನ ಅಂಕಿಗಳನ್ನ ಗಿರಾಕಿ ಕೂಡಿದ್ರೆ 58,944.83. ತೆರಿಗೆಯ ಸಾಲನ್ನೇ ROUND ಮಾಡಿ. ತೆರಿಗೆಯ ಮೊದಲಿನ ಒಟ್ಟು G20, ಪ್ಲೇಸ್ ಆಫ್ ಸಪ್ಲೈ H3 ಆದ್ರೆ, ಸಿಜಿಎಸ್‌ಟಿ ಸೆಲ್ಲಿಗೆ:

```
=IF(H3="29",ROUND(G20*9%,2),0)
```

ಎಸ್‌ಜಿಎಸ್‌ಟಿಗೂ ಇದೇ. ಐಜಿಎಸ್‌ಟಿಗೆ ತಿರುವುಮುರುವು ಮಾಡಿ 18%. ನಿಮ್ಮ ಎಲ್ಲಾ ಐಟಂ 18%ನವೇ ಆದ್ದರಿಂದ ಇಷ್ಟು ಸಾಕು. ಎರಡು ದರ ಇರೋ ಅಂಗಡಿಗೆ ದರವಾರು ಒಟ್ಟು ಬೇರೆ ಬೇರೆ ತೆಗೀಬೇಕು.

ಕೊನೆಗೆ ರೌಂಡ್ ಆಫ್ 0.17 ಅಂತ ಒಂದು ಸಾಲು, ಒಟ್ಟು 58,945. ಅದರ ಕೆಳಗೆ ಅಡ್ವಾನ್ಸ್ 25,000, ಬಾಕಿ 33,945.

ಸಿಮೆಂಟ್ ಹಾಸನ

"29" ಅಂತ ಕೋಟ್ಸ್ ಒಳಗಿದೆ ನೋಡಿ, ಅದು ಮುಖ್ಯ. ನಾನು ಕೋಡ್ ಕಾಲಮ್ಮಿನಲ್ಲಿ ಸುಮ್ಮನೆ 29 ಟೈಪ್ ಮಾಡಿದ್ದೆ, ಎಕ್ಸೆಲ್ ಅದನ್ನ ಸಂಖ್ಯೆ ಅಂತ ತಗೊಂಡು, ಹೋಲಿಕೆ ಆಗದೆ ಹಾಸನದವರಿಗೂ ಐಜಿಎಸ್‌ಟಿ ಬಂತು. ಕಾಲಮ್ಮನ್ನ ಮೊದಲೇ ಟೆಕ್ಸ್ಟ್ ಮಾಡಿ, ಆಮೇಲೆ ತುಂಬಿಸಿ.

ಕನ್ನಡ ಬಿಲ್ಲು, ಧಾರವಾಡ

ನಾನು ಬಿಲ್ ಪೂರ್ತಿ ಕನ್ನಡದಾಗ ಕೊಡ್ತೀನಿ. ನುಡಿಯೊಳಗ ಟೈಪ್ ಮಾಡಿ ಎಕ್ಸೆಲ್ ಫೈಲ್ ವಾಟ್ಸಾಪ್ ಮಾಡಿದ್ರ ಗಿರಾಕಿ ಮೊಬೈಲ್‌ನ್ಯಾಗ ಬರೇ ಇಂಗ್ಲಿಷ್ ಅಕ್ಷರ ಕಲಸಿದಂಗ ಕಾಣತೈತಿ. ಏನ್ ಮಾಡಬೇಕು?

ಹುಬ್ಬಳ್ಳಿ ಪ್ರೆಸ್

ಯೂನಿಕೋಡ್‌ನ್ಯಾಗ ಟೈಪ್ ಮಾಡ್ರಿ, ನುಡಿಯೊಳಗೂ ಯೂನಿಕೋಡ್ ಆಯ್ಕೆ ಐತಿ. ಹಳೇ ಫಾಂಟಿನ ಫೈಲ್ ಆ ಫಾಂಟ್ ಇಲ್ಲದ ಕಡೆ ಓದಾಕ ಬರಂಗಿಲ್ಲ. ಮತ್ತ ಎಕ್ಸೆಲ್ ಫೈಲ್ ಯಾರಿಗೂ ಕಳಿಸಬ್ಯಾಡ್ರಿ. ಅವರ ಕೈಯಾಗ ಅಂಕಿ ತಿದ್ದಾಕ ಬರತೈತಿ. ಪಿಡಿಎಫ್ ಕಳಿಸ್ರಿ.

ಕನ್ನಡ ಬಿಲ್ಲು, ಧಾರವಾಡ

ಲಕ್ಷದ ಕಡೆ ಕಾಮಾ ತಪ್ಪು ಬೀಳತೈತಿ, 125,000 ಅಂತ. ಅದಕ್ಕೇನರ ಐತೇನು?

ಸಿಮೆಂಟ್ ಹಾಸನ

ಸೆಲ್ ಫಾರ್ಮ್ಯಾಟ್, ಕಸ್ಟಮ್‌ನಲ್ಲಿ ಇದನ್ನ ಹಾಕಿ. 1,25,000.00 ಅಂತ ಬರುತ್ತೆ:

```
[>=10000000]##\,##\,##\,##0.00;[>=100000]##\,##\,##0.00;##,##0.00
```

ಮರಗೆಲಸ ಸಾಗರ

ಪೇಮೆಂಟ್ ಕಂಡೀಶನ್ ಏನು ಬರೀಬೇಕು? ಎಂಎಸ್‌ಎಂಇ ಇದ್ರೆ 45 ದಿನದೊಳಗೆ ಯಾರಾದ್ರೂ ಕೊಡಲೇಬೇಕಂತೆ. ಅದನ್ನೇ ಬಿಲ್ ಕೆಳಗೆ ಅಚ್ಚು ಹಾಕಿಸಿದ್ರೆ ಆಯ್ತಲ್ಲ?

ಕಿರ್ದಿ ಖಾತೆ, ಮೈಸೂರು

ಅರ್ಧ ಸರಿ. ಉದ್ಯಮ್ ನೋಂದಣಿ ಇರೋ ಸೂಕ್ಷ್ಮ, ಸಣ್ಣ ಘಟಕಕ್ಕೆ ಆ ರಕ್ಷಣೆ ಇದೆ. ಬರಹದ ಒಪ್ಪಂದ ಇಲ್ಲದಿದ್ರೆ 15 ದಿನ. ಒಪ್ಪಂದ ಇದ್ರೆ ಅದರಲ್ಲಿ ಹೇಳಿದಷ್ಟು, ಆದ್ರೆ 45 ದಾಟೋ ಹಾಗಿಲ್ಲ. ದಾಟಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಕಂಪನಿಗಳು ಇದಕ್ಕೆ ಯಾಕೆ ಹೆದರ್ತಾರೆ ಅಂದ್ರೆ, ತಡ ಮಾಡಿದ ಮೊತ್ತವನ್ನ ಆ ವರ್ಷದ ಖರ್ಚು ಅಂತ ಆದಾಯ ತೆರಿಗೆಯಲ್ಲಿ ತೋರಿಸೋಕೆ ಆಗಲ್ಲ, ದುಡ್ಡು ಕೊಟ್ಟ ವರ್ಷಕ್ಕೆ ಹೋಗುತ್ತೆ. ಮನೆ ಕಟ್ಟಿಸೋ ಗಿರಾಕಿಗೆ ಆ ಹೆದರಿಕೆ ಇಲ್ಲ. ಬರೀ ಖರೀದಿ ಮಾರಾಟದ ಅಂಗಡಿಗೂ ಈ ಅನುಕೂಲ ಸಿಗಲ್ಲ, ನೀವು ಮಾಡಿ ಕೊಡೋರು, ನಿಮಗೆ ಸಿಗುತ್ತೆ.

ಹಾಗಾಗಿ ಕೆಳಗಿನ ಅಚ್ಚಿಗಿಂತ ಕೊಟೇಶನ್ನಿನ ಮಾತು ಮುಖ್ಯ. ಮನೆಯವರಿಗೆ ಆರ್ಡರ್ ಜೊತೆ ಅರ್ಧ, ಮಾಲು ಶಾಪಿನಿಂದ ಹೊರಡೋ ಮುಂಚೆ 40%, ಕೂರಿಸಿದ ದಿನ 10%. ಕೊಟೇಶನ್ನಿನ ಮೇಲೆ ಗಿರಾಕಿಯ ಸಹಿ ತಗೊಳ್ಳಿ. ಕಂಪನಿಗಾದ್ರೆ ಬಿಲ್ಲಿನಲ್ಲಿ ಉದ್ಯಮ್ ನಂಬರ್, ಮತ್ತು "ಪಾವತಿಯ ಕೊನೇ ದಿನ" ಅಂತ ತಾರೀಖು. ಶೀಟಲ್ಲಿ ಬಿಲ್ ತಾರೀಖು + ದಿನ ಅಷ್ಟೇ.

ಕರಾವಳಿ ಪಂಪ್ಸ್

ಅಡ್ವಾನ್ಸ್ ಬಂದ ದಿನವೇ ಜಿಎಸ್‌ಟಿ ಕಟ್ಟಬೇಕು ಅಂತ ನಮ್ಮ ಆಡಿಟರು ಹೇಳ್ತಾರೆ. ಇಲ್ಲಿ ಯಾರೂ ಆ ಬಗ್ಗೆ ಮಾತಾಡಲೇ ಇಲ್ಲ.

ಕಿರ್ದಿ ಖಾತೆ, ಮೈಸೂರು

ಮಾಲಿನ ಅಡ್ವಾನ್ಸಿಗೆ 2017ರ ನವೆಂಬರ್‌ನಿಂದ ಬೇಡ, ಬಿಲ್ ಮಾಡಿದಾಗ ಕಟ್ಟಿದ್ರೆ ಸಾಕು. ಸೇವೆ ಆದ್ರೆ ಅಡ್ವಾನ್ಸ್ ಬಂದಾಗಲೇ ಬರುತ್ತೆ. ನೀವು ಪಂಪು ಮಾರೋದಾ, ಬೋರ್‌ವೆಲ್ ರಿಪೇರಿ ಮಾಡೋದಾ ಅನ್ನೋದರ ಮೇಲೆ ಹೋಗುತ್ತೆ.

ಟೈಲ್ಸ್ ಗೋಪುರ

ಹಾಗಾದ್ರೆ ಗೋಡೆಗೆ ಗ್ರಿಲ್ ಕೂರಿಸೋದು ಮಾಲಾ, ಸೇವೆನಾ? ಗೋಡೆ ಒಡೆದು ಕಾಂಕ್ರೀಟ್ ಹಾಕಿ ನಿಲ್ಲಿಸಿದ ಗೇಟು ಕಟ್ಟಡದ ಭಾಗವೇ ಆಯ್ತಲ್ಲ. ವರ್ಕ್ಸ್ ಕಾಂಟ್ರ್ಯಾಕ್ಟ್ ಅಂದ್ರೆ ಸೇವೆ.

ಕಿರ್ದಿ ಖಾತೆ, ಮೈಸೂರು

ಒಳ್ಳೇ ಪ್ರಶ್ನೆ. ಇಲ್ಲಿ ಕೂತು ಹೇಳೋಕೆ ಬರಲ್ಲ. ಬಿಚ್ಚಿ ಒಯ್ಯಬಹುದಾದ ಗ್ರಿಲ್ಲಿಗೂ ತಳಪಾಯ ಹಾಕಿ ನಿಲ್ಲಿಸಿದ ಗೇಟಿಗೂ ಉತ್ತರ ಬೇರೆ ಆಗಬಹುದು. ದರ ಎರಡಕ್ಕೂ 18% ಇದ್ರೂ ಅಡ್ವಾನ್ಸಿನ ವಿಷಯ, ಬಿಲ್ಲಿನಲ್ಲಿ ಹಾಕೋ ಕೋಡು ಬದಲಾಗುತ್ತೆ. ಒಪ್ಪಂದದ ಕಾಗದ ಆಡಿಟರಿಗೆ ತೋರಿಸಿ.

ಮರಗೆಲಸ ಸಾಗರ

ನಮ್ಮ ಆಡಿಟರ್ ಎಲ್ಲದಕ್ಕೂ ಮಾಲು ಅಂತಲೇ ಹಾಕ್ತಾರೆ.

ಟೈಲ್ಸ್ ಗೋಪುರ

ನಮ್ಮವರು ಎಲ್ಲದಕ್ಕೂ ವರ್ಕ್ಸ್ ಕಾಂಟ್ರ್ಯಾಕ್ಟ್ ಅಂತಾರೆ.

ಗ್ರಿಲ್ ಅಂಗಡಿ, ದಾವಣಗೆರೆ

ಎರಡು ದಿನ ಕೂತು ಮಾಡಿದೆ. ನಾಲ್ಕು ಶೀಟೂ ಆಗಿವೆ. ಏಪ್ರಿಲ್‌ನಿಂದ ಕೊಟ್ಟ ಬಿಲ್ಲೆಲ್ಲಾ Bills ಶೀಟಿಗೆ ಏರಿಸಿದಾಗ 023 ಎರಡು ಸಾಲೂ ಕೆಂಪಾದವು. ಜೊತೆಗೆ 017 ಇಲ್ಲವೇ ಇಲ್ಲ ಅಂತಲೂ ಗೊತ್ತಾಯ್ತು. ಹುಡುಕಿದ್ರೆ ಆ ಗಿರಾಕಿ ಆರ್ಡರ್ ಬೇಡ ಅಂದಿದ್ದಕ್ಕೆ ಯಜಮಾನರು ಫೈಲೇ ಡಿಲೀಟ್ ಮಾಡಿದ್ದರಂತೆ.

ಪುಣೆಯವರಿಗೆ ಫೋನ್ ಮಾಡಿ ಕರ್ನಾಟಕದ ನಂಬರ್ ಕೇಳಿದೆ. ಮೊದಲು ಇಲ್ಲ ಅಂದ್ರು. ರಾಣೆಬೆನ್ನೂರಿನ ಗೋಡೌನ್ ಮ್ಯಾನೇಜರನ್ನ ಕೇಳಿದಾಗ, ಅವರ ಲಾರಿ ಕಾಗದದ ಮೇಲೆ 29ರ ನಂಬರ್ ಇತ್ತು, ಫೋಟೋ ಕಳಿಸಿದ್ರು. ಆ ನಂಬರಿಗೆ ಬಿಲ್ ಮಾಡಿದ್ರೆ ತಗೋತೀವಿ ಅಂತ ಈಗ ಪುಣೆಯವರೂ ಒಪ್ಪಿದ್ದಾರೆ. ಈ ತಿಂಗಳ ಜಿಎಸ್‌ಟಿಆರ್-1 ಇನ್ನೂ ಹಾಕಿಲ್ಲ. 023 ಅಳಿಸಿ ಬೇರೆ ನಂಬರ್ ಕೊಡಲಾ?

ಕಿರ್ದಿ ಖಾತೆ, ಮೈಸೂರು

ವಿದ್ಯಾನಗರದವರ 023 ಹಾಗೇ ಇರಲಿ. ಪುಣೆಯವರ ಹತ್ರ ಇರೋ ಹಳೇ ಪ್ರತಿ ವಾಪಸ್ ಪಡೆದು, ಅಡ್ಡಗೆರೆ ಎಳೆದು ಫೈಲಲ್ಲಿಡಿ. ಅವರಿಗೆ ಸಾಲಿನಲ್ಲಿ ಮುಂದಿನ ನಂಬರ್ ಯಾವುದೋ ಅದು, ಬಿಲ್ ಮಾಡಿದ ದಿನದ ತಾರೀಖು. ಹಿಂದಿನ ತಾರೀಖು ಹಾಕಬೇಡಿ.

017ರ ಸಾಲು Bills ಶೀಟಲ್ಲಿ ಇರಬೇಕು, ಸ್ಥಿತಿ ಕಾಲಮಿನಲ್ಲಿ "ರದ್ದು" ಅಂತ. ಜಿಎಸ್‌ಟಿಆರ್-1ರ ಕೊನೆಯಲ್ಲಿ ಎಷ್ಟರಿಂದ ಎಷ್ಟರವರೆಗೆ ನಂಬರ್ ಕೊಟ್ಟಿರಿ, ಅದರಲ್ಲಿ ರದ್ದಾದದ್ದು ಎಷ್ಟು ಅಂತ ಕೇಳುತ್ತೆ. ಹಿಂದಿನ ತಿಂಗಳುಗಳಲ್ಲಿ ಅಲ್ಲಿ ಏನು ತುಂಬಿಸಿದ್ದಾರೆ ಅಂತ ನಿಮ್ಮ ಆಡಿಟರನ್ನ ಕೇಳಿ.

ಗ್ರಿಲ್ ಅಂಗಡಿ, ದಾವಣಗೆರೆ

ಸರಿ ಅಕ್ಕ. ಮುಂದಿನ ನಂಬರ್ 027 ಬರುತ್ತೆ. ಫೈಲನ್ನ ಶಾಪಿನ ಕಂಪ್ಯೂಟರಲ್ಲಿ ಮಾತ್ರ ಇಡ್ತೀವಿ, ಮನೇಲಿ ನಾನು ಮಾಡೋದು ಬರೀ ಕೊಟೇಶನ್ ಅಂತ ಯಜಮಾನರ ಹತ್ರ ಮಾತಾಯ್ತು.

ಫ್ಲೆಕ್ಸ್ ಮಂಡ್ಯ

ಅಕ್ಕ, ಆ ಫೈಲ್ ಖಾಲಿ ಮಾಡಿ ನಂಗೂ ಕಳಿಸ್ತೀರಾ? ತೆರಿಗೆ ಸಾಲು ತೆಗೆದು ಇಟ್ಕೋತೀನಿ.

ಗ್ರಿಲ್ ಅಂಗಡಿ, ದಾವಣಗೆರೆ

ಕಳಿಸ್ತೀನಿ ಅಣ್ಣ. ಭಾನುವಾರ ಶಾಪು ರಜೆ, ಪಾರ್ಟಿ ಹೆಸರೆಲ್ಲಾ ತೆಗೆದು ಇಲ್ಲೇ ಹಾಕ್ತೀನಿ. ಫಾರ್ಮುಲಾದಲ್ಲಿ FB ಅಂತಿರೋದನ್ನ ನಿಮ್ಮ ಅಂಗಡಿ ಅಕ್ಷರಕ್ಕೆ ಬದಲಾಯಿಸ್ಕೊಳ್ಳಿ.